ಕರ್ರಗಿದ್ದರೆ ಕಡಕ್ಕೇ? ಹುರಿದ ಕಾಫಿ ಬೀಜದ ಬಣ್ಣದ ಹಿನ್ನೆಲೆ

ಕಲಬುರಗಿಯಲ್ಲಿ ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿಕೊಡುವ ಕಾಫಿ ಅಂಗಡಿಗಳು ಕಡಿಮೆ. ಇರುವ ಕಡೆ ಗಿರಾಕಿಗಳ ಮಾತು ಬಹುಪಾಲು ಒಂದೇ: "ಇನ್ನಾ ಸ್ವಲ್ಪ ಕರ್ರಗ ಹುರದು ಕೊಡ್ರಿ, ಕಡಕ್ ಆಗ್ಬೇಕು." ಇದು ಚಹಾದ ಲೆಕ್ಕ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಹೈದರಾಬಾದಿನ ಜೊತೆಗಿದ್ದ ಸೀಮೆ ಇದು. ಇಲ್ಲಿನ ನಾಲಿಗೆ ಪಳಗಿದ್ದು ಚಹಾದ ಮೇಲೆ, ಅದರಲ್ಲಿ ಬಣ್ಣ ಗಾಢವಾದಷ್ಟೂ ಕಡಕ್. ಕಾಫಿ ಬೀಜದ ಕಪ್ಪು ಮಾತ್ರ ಬೇರೆಯದೇ ಸಂಗತಿ ಹೇಳುತ್ತದೆ. ಅದು ಬೀಜಕ್ಕೆ ಎಷ್ಟು ಬೆಂಕಿ ತಾಗಿದೆ ಎಂಬುದರ ಗುರುತು. ಚುರುಕು ಕೊಡುವ ಕೆಫೀನ್ ಹುರಿಯುವಾಗ ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಹಸಿ ಬೀಜ ಬೂದು ಮಿಶ್ರಿತ ಹಸಿರು. ಬಿಸಿಯಾದಂತೆ ನೀರು ಆರಿ ಹಳದಿಯಾಗುತ್ತದೆ, ಆಮೇಲೆ ಕಂದು. ಸುಮಾರು 196 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒಳಗಿನ ಆವಿಯ ಒತ್ತಡಕ್ಕೆ ಬೀಜ ಚಟಪಟನೆ ಸಿಡಿಯುತ್ತದೆ. ನಾಗರ ಪಂಚಮಿಗೆ ಜೋಳದ ಅರಳು ಹುರಿದವರಿಗೆ ಈ ಸದ್ದು ಹೊಸದಲ್ಲ, ಆದರೆ ಕಾಫಿ ಬೀಜ ಅರಳುವುದಿಲ್ಲ, ಸ್ವಲ್ಪ ಉಬ್ಬಿ ಸೀಳು ಬಿಡುತ್ತದೆ. ಹುರಿಯುವವರು ಇದನ್ನು ಫಸ್ಟ್ ಕ್ರ್ಯಾಕ್ ಎನ್ನುತ್ತಾರೆ. ಇನ್ನೂ ಮುಂದೆ ಹೋಗಿ 224ರ ಆಸುಪಾಸಿನಲ್ಲಿ ಎರಡನೇ ಸಲ, ಈ ಬಾರಿ ಸಣ್ಣ ಚುರುಚುರು ಸದ್ದು. ಅಲ್ಲಿಂದ ಬೀಜ ಕಪ್ಪಿಗೆ ತಿರುಗಿ ಮೈ ಮೇಲೆ ಎಣ್ಣೆ ಬಿಡಲು ಶುರುಮಾಡುತ್ತದೆ.

ರುಚಿಯೂ ಇದೇ ದಾರಿಯಲ್ಲಿ ಸಾಗುವುದರಿಂದಲೇ ಬಣ್ಣ ನೋಡಿ ರುಚಿ ಊಹಿಸಲು ಸಾಧ್ಯ. ತಿಳಿ ಕಂದು ಬೀಜದಲ್ಲಿ ಹಣ್ಣಿನ ಹುಳಿ ಎದ್ದು ಕಾಣುತ್ತದೆ. ಬಣ್ಣ ಗಾಢವಾದಂತೆ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳು ಒಡೆದು ಹುಳಿ ತಗ್ಗುತ್ತದೆ, ಕಹಿ ಏರುತ್ತದೆ. ಕಹಿಯಲ್ಲೂ ಎರಡು ಬಗೆ. 2007ರಲ್ಲಿ ಜರ್ಮನಿಯ ಥಾಮಸ್ ಹಾಫ್‌ಮನ್ ಮತ್ತು ಸಂಗಡಿಗರು ತೋರಿಸಿದಂತೆ, ಕ್ಲೋರೋಜೆನಿಕ್ ಆಮ್ಲದಿಂದ ಹುಟ್ಟುವ ಲ್ಯಾಕ್ಟೋನ್‌ಗಳು ತಿಳಿ ಮತ್ತು ನಡುಹದದ ಬೀಜಕ್ಕೆ ಹಿತವಾದ ಕಹಿ ಕೊಡುತ್ತವೆ. ಇನ್ನಷ್ಟು ಹುರಿದರೆ ಅವೇ ಒಡೆದು ಫಿನೈಲಿಂಡೇನ್‌ಗಳಾಗುತ್ತವೆ. ಕರ್ರಗೆ ಹುರಿದ ಕಾಫಿ ಕುಡಿದ ಮೇಲೆ ನಾಲಿಗೆ ಬಿಡದೆ ಹಿಡಿದುಕೊಳ್ಳುವ ಒರಟು ಕಹಿ ಅವುಗಳದು. ನಮ್ಮ ಕಡೆಯ ದಪ್ಪ ಎಮ್ಮೆ ಹಾಲಿಗೆ ಗಾಢ ಹುರಿತ ಒಗ್ಗುವುದು ಇದಕ್ಕೇ: ಹಾಲು ಕಹಿಯನ್ನು ತಗ್ಗಿಸುತ್ತದೆ, ಹುಳಿ ಕಾಫಿ ಮಾತ್ರ ಹಾಲಿನಲ್ಲಿ ಹೊಂದುವುದಿಲ್ಲ. ಗಿರಾಕಿ ಕೇಳಿದ್ದರಲ್ಲಿ ಅಷ್ಟರಮಟ್ಟಿಗೆ ಅರ್ಥವಿದೆ.

ಆದರೆ "ಕರ್ರಗ" ಅಂದರೆ ಎಷ್ಟು? ಈ ಜಗಳ ಹಳೆಯದು. 1864ರಲ್ಲಿ ನ್ಯೂಯಾರ್ಕಿನ ಜೇಬೆಜ್ ಬರ್ನ್ಸ್ ಪೇಟೆಂಟ್ ಪಡೆದ ಯಂತ್ರದಲ್ಲಿ, ಉರುಳೆಯನ್ನು ಬೆಂಕಿಯಿಂದ ಇಳಿಸದೆಯೇ ಬೀಜ ಹೊರಗೆ ಸುರಿಯಬಹುದಾಗಿತ್ತು. ಬೇಕೆಂದ ಗಳಿಗೆಗೆ ಹುರಿತ ನಿಲ್ಲಿಸುವುದು ಇದರಿಂದ ಸುಲಭವಾಯಿತು, ಹಾಗಾಗಿ ಆ ಗಳಿಗೆ ಯಾವುದೆಂದು ಹೇಳುವುದೂ ಮುಖ್ಯವಾಯಿತು. ಕೊಳವೆಯಂಥ ಸೌಟಿನಲ್ಲಿ ನಾಲ್ಕು ಬೀಜ ಎಳೆದು, ಪಕ್ಕದಲ್ಲಿಟ್ಟ ಮಾದರಿ ಬೀಜದ ಜೊತೆ ಹೋಲಿಸಿ ನೋಡುವುದು ರೂಢಿಯಾಯಿತು. ಅಮೆರಿಕದ ವ್ಯಾಪಾರಿಗಳು ಸಿನಮನ್, ಸಿಟಿ, ಫುಲ್ ಸಿಟಿ, ಫ್ರೆಂಚ್, ಇಟಾಲಿಯನ್ ಎಂದು ಹೆಸರಿಟ್ಟರು. ಸಿನಮನ್ ಅಂದರೆ ದಾಲ್ಚಿನ್ನಿ ಬಣ್ಣದ ತಿಳಿ ಹುರಿತ, ದಾಲ್ಚಿನ್ನಿ ರುಚಿಯದಲ್ಲ. ಒಬ್ಬನ ಸಿಟಿ ಇನ್ನೊಬ್ಬನ ಫುಲ್ ಸಿಟಿ ಆಗುವುದನ್ನು ಈ ಹೆಸರುಗಳು ತಡೆಯಲಿಲ್ಲ.

ಅಂಕಿ ಬಂದದ್ದು ಬಹಳ ತಡವಾಗಿ. ಅಗ್‌ಟ್ರಾನ್ ಎಂಬ ಉಪಕರಣ ಕಣ್ಣಿಗೆ ಕಾಣುವ ಕೆಂಪಿನಾಚೆಯ ಬೆಳಕನ್ನು ಕಾಫಿಯ ಮೇಲೆ ಬಿಟ್ಟು ಎಷ್ಟು ಮರಳಿತೆಂದು ಅಳೆಯುತ್ತದೆ. 1990ರ ದಶಕದಲ್ಲಿ ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘ ಇದನ್ನೇ ಆಧಾರವಾಗಿಟ್ಟು ಎಂಟು ಬಣ್ಣದ ಬಿಲ್ಲೆಗಳನ್ನು ತಂದಿತು. 95 ಅತಿ ತಿಳಿ, 25 ಅತಿ ಗಾಢ, ನಡುವೆ ಹತ್ತು ಹತ್ತರ ಅಂತರ. ಅಂಕಿ ಇಳಿದಷ್ಟೂ ಕಪ್ಪು ಎನ್ನುವುದು ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಉಪಕರಣ ದುಬಾರಿ, ಬಿಲ್ಲೆ ಅಷ್ಟಿಲ್ಲ: ಪುಡಿಯನ್ನು ಬಿಲ್ಲೆಯ ಪಕ್ಕದಲ್ಲಿ ಸಮನಾಗಿ ಹರಡಿ ಕಣ್ಣಲ್ಲೇ ನೋಡಬಹುದು.

ಆ ಸಂಘ ರುಚಿ ಪರೀಕ್ಷೆಗೆ ಬೀಜ ಹುರಿಯಲು ಹಾಕಿದ್ದ ನಿಯಮ ನನಗೆ ಇಡೀ ವಿಷಯದ ತಿರುಳು ಅನಿಸುತ್ತದೆ. ಇಡೀ ಬೀಜ 58 ತೋರಿಸಬೇಕು, ಅದನ್ನೇ ಪುಡಿ ಮಾಡಿದರೆ 63, ಒಂದಂಕಿ ಆಚೀಚೆ. ಹುರಿತ 8ರಿಂದ 12 ನಿಮಿಷದೊಳಗೆ ಮುಗಿಯಬೇಕು. ಒಂದೇ ಕಾಫಿಗೆ ಎರಡು ಅಂಕಿ ಯಾಕೆ? ಬೆಂಕಿ ಹೊರಗಿನಿಂದ ಒಳಗೆ ಹೋಗುತ್ತದೆ, ಒಳಭಾಗ ಸದಾ ಒಂದು ಹೆಜ್ಜೆ ಹಿಂದಿರುತ್ತದೆ. ಹಾಗಾಗಿ ಪುಡಿ ತುಸು ತಿಳಿಯಾಗಿ ಕಾಣುವುದು ಸಹಜ. ಎಷ್ಟು ತಿಳಿ ಎನ್ನುವುದೇ ಪ್ರಶ್ನೆ.

ಒಂದೇ ಚೀಲದ ಚಿಕ್ಕಮಗಳೂರು ಅರೇಬಿಕಾವನ್ನು ಎರಡು ಸಲ ಹುರಿಯೋಣ. ಮೊದಲನೆಯದು ಜೋರು ಉರಿಯಲ್ಲಿ 5 ನಿಮಿಷ, ಎರಡನೆಯದು ಹದವಾದ ಉರಿಯಲ್ಲಿ 11 ನಿಮಿಷ. ಎರಡನ್ನೂ ಹೊರಮೈ 58ಕ್ಕೆ ಬಂದಾಗಲೇ ಇಳಿಸಿದ್ದೇವೆ ಅನ್ನಿ. ತಟ್ಟೆಯಲ್ಲಿ ಪಕ್ಕ ಪಕ್ಕ ಇಟ್ಟರೆ ಯಾವುದು ಯಾವುದೆಂದು ಯಾರೂ ಹೇಳಲಾರರು. ಪುಡಿ ಮಾಡಿದರೆ ಗುಟ್ಟು ರಟ್ಟು. ಎರಡನೆಯದು 63ರ ಸುತ್ತ ನಿಲ್ಲುತ್ತದೆ, ಮೊದಲನೆಯದು 70 ದಾಟಿದರೂ ಆಶ್ಚರ್ಯವಿಲ್ಲ. ಕುಡಿದರೆ ಮೊದಲನೆಯದರಲ್ಲಿ ಹಸಿ ಕಾಳಿನ, ಹುಲ್ಲಿನ ವಾಸನೆ, ಜೊತೆಗೆ ಚುರುಕು ಹುಳಿ. ಉರಿ ವಿಪರೀತವಾಗಿದ್ದರೆ ಬೀಜದ ತುದಿ ಸುಟ್ಟು, ಹಸಿ ಮತ್ತು ಸೀದ ರುಚಿ ಎರಡೂ ಒಂದೇ ಲೋಟದಲ್ಲಿ. ಉಪಕರಣವಿಲ್ಲದ ಅಂಗಡಿಯವರು ಬೀಜವನ್ನು ಉಗುರಿನಿಂದ ಒಡೆದು ನೋಡಿದರೂ ಸಾಕು: ಒಳಗೂ ಹೊರಗೂ ಹತ್ತಿರದ ಬಣ್ಣವಿದ್ದರೆ ಹುರಿತ ಹದ, ಸಿಪ್ಪೆ ಕಂದಾಗಿ ಒಳಗೆ ಮಾಸಲು ಹಳದಿಯಿದ್ದರೆ ಅವಸರದ್ದು. ನೋಡುವುದು ಬಾಗಿಲಾಚೆಯ ಹಗಲು ಬೆಳಕಿನಲ್ಲಿರಲಿ. ಒಳಗಿನ ಹಳದಿ ಬಲ್ಬಿನಡಿ ಎಲ್ಲವೂ ಬೆಚ್ಚಗಿನ ಕಂದೇ.

ಬೀಜದ ಜಾತಕವೂ ಬಣ್ಣವನ್ನು ತಿರುಚುತ್ತದೆ. ಮಾನ್ಸೂನ್ಡ್ ಮಲಬಾರ್ ಬೀಜವನ್ನು ಕರಾವಳಿಯ ಗೋದಾಮುಗಳಲ್ಲಿ ವಾರಗಟ್ಟಲೆ ಮಳೆಗಾಲದ ತೇವದ ಗಾಳಿಗೆ ಒಡ್ಡುತ್ತಾರೆ. ಅದು ಊದಿ, ಹುರಿಯುವ ಮೊದಲೇ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಹಸಿರು ಹಳದಿಯಾಗುವ ಘಟ್ಟ ಅಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಹುಳಿಯೂ ಆಗಲೇ ಕಡಿಮೆ. ಉಪಕರಣದಲ್ಲಿ 58 ಬಂದರೂ ಅರೇಬಿಕಾ ಪ್ಲಾಂಟೇಶನ್‌ನ ರುಚಿ ಅದರಿಂದ ನಿರೀಕ್ಷಿಸುವಂತಿಲ್ಲ. ರೊಬಸ್ಟಾದ ಮಾತೂ ಅಷ್ಟೇ: ಅದೇ ಬಣ್ಣಕ್ಕೆ ಹೆಚ್ಚು ಕಹಿ. ಇನ್ನು ಚಿಕೋರಿ ಬೆರೆತ ಪುಡಿಯ ಬಣ್ಣ ನೋಡಿ ಹುರಿತ ಹೇಳುವುದು ವ್ಯರ್ಥ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕೆನ್ನುತ್ತದೆ ನಿಯಮ, ಉಳಿದದ್ದರ ಕಪ್ಪು ಹುರಿದ ಬೇರಿನದು. ಡಿಕಾಕ್ಷನ್ ಕರ್ರಗಾಗಿಸುವ ಚಿಕೋರಿಯಲ್ಲಿ ಕೆಫೀನೇ ಇಲ್ಲ, ಕಡಕ್ ಕೇಳುವವರು ಇದನ್ನು ಗಮನಿಸಬೇಕು.

ಬೀದರ್, ಯಾದಗಿರಿ, ಕಲಬುರಗಿಯ ಬೇಸಿಗೆಗೆ ಸಂಬಂಧಿಸಿದ್ದು ಎಣ್ಣೆಯ ಹೊಳಪು. ಗಾಢ ಹುರಿತದ ಬೀಜ ಹೊಳೆಯುವುದು ಸಹಜ. ಆದರೆ ನಡುಹದದ ಬೀಜವೂ 42 ಡಿಗ್ರಿ ಬಿಸಿಲಿನ ಊರಿನಲ್ಲಿ, ತಗಡಿನ ಮಾಡಿನಡಿ ಕೆಲವು ವಾರ ಕೂತರೆ ಚುಕ್ಕಿ ಚುಕ್ಕಿಯಾಗಿ ಎಣ್ಣೆ ಬಿಟ್ಟು ಗಾಢವಾದಂತೆ ಕಾಣುತ್ತದೆ. ಎರಡು ಬೀಜ ಅಂಗೈಯಲ್ಲಿ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ: ಹೊಸತಾಗಿ ಗಾಢ ಹುರಿದದ್ದು ಹೊಗೆ ಮತ್ತು ಸುಟ್ಟ ಬೆಲ್ಲದ ವಾಸನೆ ಕೊಡುತ್ತದೆ, ಹಳತಾದದ್ದು ಕಮಟು ಶೇಂಗಾ ಎಣ್ಣೆಯದು. ಎರಡನೆಯದಾದರೆ ಬಣ್ಣದ ಚರ್ಚೆ ಬಿಟ್ಟು ಪೊಟ್ಟಣದ ಮೇಲೆ ಹುರಿದ ತಾರೀಖು ಹುಡುಕಬೇಕು.