ಆಫರ್ ಲೆಟರ್‌ಗೆ ಉತ್ತರ ಬರೆಯೋ ಮೊದಲು ಅದರೊಳಗಿನ ಲೆಕ್ಕ ನೋಡಿ

ಸುಮಾರು ವರ್ಷ ನಾನು ಮೇಜಿನ ಆ ಕಡೆ ಕೂತಿದ್ದೆ, ಅಂದ್ರೆ ಹೊಸಬರಿಗೆ ಎಷ್ಟು ಸಂಬಳ ಕೊಡಬೇಕು ಅಂತ ನಿಗದಿ ಮಾಡಿ ಆಫರ್ ಲೆಟರ್ ರೆಡಿ ಮಾಡೋ ಟೀಮಲ್ಲಿ. ಈಗ ಆಫರ್ ಸಿಕ್ಕವರು ನನ್ನ ಹತ್ರ ಲೆಟರ್ ಹಿಡ್ಕೊಂಡು ಬರ್ತಾರೆ. ಹೆಚ್ಚುಕಮ್ಮಿ ಎಲ್ಲರೂ ಕೇಳೋ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟ್ ಜಾಸ್ತಿ ಕೇಳ್ಲಿ?" ಅಂತ. ನಾನು ಹೇಳೋದು, ಪರ್ಸೆಂಟ್ ಆಮೇಲೆ ನೋಡೋಣ, ಮೊದಲು ಆ ದೊಡ್ಡ ಮೊತ್ತದೊಳಗೆ ಏನೇನು ಸೇರಿಸಿದಾರೆ ಅಂತ ಬಿಡಿಸಿ ನೋಡೋಣ. ಯಾಕಂದ್ರೆ ಉತ್ತರದಲ್ಲಿ ಏನು ಕೇಳಬೇಕು ಅನ್ನೋದು ಅಲ್ಲೇ ಗೊತ್ತಾಗೋದು.

ಇತ್ತೀಚೆಗೆ ಬಂದ ಒಬ್ಬ ಹೆಣ್ಣುಮಗಳ ಕೇಸನ್ನೇ ತಗೊಳ್ಳೋಣ. ಅವರ ಈಗಿನ ವರ್ಷದ ಗಳಿಕೆನ 100 ಅಂತ ಇಟ್ಕೊಳ್ಳಿ, ಲೆಕ್ಕ ಸುಲಭ ಆಗತ್ತೆ. ಅದರಲ್ಲಿ 90 ಫಿಕ್ಸೆಡ್, 10 ವರ್ಷದ ಕೊನೆಗೆ ಬರೋ ಬೋನಸ್, ಅದು ಪ್ರತಿ ವರ್ಷ ಪೂರ್ತಿ ಬರ್ತಾ ಇತ್ತು. ಹೊಸ ಕಂಪನಿ ಕಳಿಸಿದ ಲೆಟರಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ 125 ಅಂತಿತ್ತು. 25 ಪರ್ಸೆಂಟ್ ಹೈಕ್ ಅಂತ ಮನೆಯವರಿಗೆಲ್ಲ ಹೇಳಿಯೂ ಆಗಿತ್ತು ಪಾಪ. ಕೆಳಗಿನ ಟೇಬಲ್ ನೋಡಿದ್ರೆ ಫಿಕ್ಸೆಡ್ 92, ವೇರಿಯಬಲ್ 23, ಜಾಯ್ನಿಂಗ್ ಬೋನಸ್ 10.

ಜಾಯ್ನಿಂಗ್ ಬೋನಸ್ ಒಂದೇ ಸಲ ಬರೋದು, ಎರಡನೇ ವರ್ಷಕ್ಕೆ ಅದು ಇರಲ್ಲ, ಹಾಗಾಗಿ 125 ಅನ್ನೋದು 115 ಆಯ್ತು. ವೇರಿಯಬಲ್ 23 ಅಂತ ಬರೆದಿದಾರೆ, ಆದ್ರೆ ಅದು ಟಾರ್ಗೆಟ್ ಮುಟ್ಟಿದ್ರೆ ಮಾತ್ರ, ಜೊತೆಗೆ ಕೆಳಗೆ "ಕಂಪನಿಯ ವಿವೇಚನೆಗೆ ಬಿಟ್ಟಿದ್ದು" ಅಂತ ಒಂದು ಸಾಲಿತ್ತು. ಹೋದ ಎರಡು ವರ್ಷ ಈ ಟೀಮಿಗೆ ವೇರಿಯಬಲ್ ನಿಜವಾಗ್ಲೂ ಎಷ್ಟು ಕೈಗೆ ಬಂದಿದೆ ಅಂತ ರಿಕ್ರೂಟರ್‌ನ ಕೇಳಿ ಅಂದೆ, ಇದು ಯಾರು ಬೇಕಾದ್ರೂ ಕೇಳಬಹುದಾದ ಪ್ರಶ್ನೆ, ಯಾರೂ ತಪ್ಪು ತಿಳ್ಕೊಳ್ಳಲ್ಲ. ಸುಮಾರು 60 ಪರ್ಸೆಂಟ್ ಅಂತ ಉತ್ತರ ಬಂತು. ಅಂದ್ರೆ 23 ಅಲ್ಲ, 14ರ ಆಸುಪಾಸು. ಒಟ್ಟು 106. ಇನ್ನು ಅವರು ಇದ್ದಲ್ಲೇ ಇದ್ದಿದ್ರೆ ಫಿಕ್ಸೆಡ್ ಮೇಲೆ ಮಾಮೂಲಿ 5 ಪರ್ಸೆಂಟ್ ಏರಿ 94.5, ಬೋನಸ್ 10, ಸೇರಿ 104.5. 25 ಅಂತ ಕಂಡಿದ್ದು ಕೊನೆಗೆ ಒಂದೂವರೆಗೆ ಬಂದು ನಿಂತ್ಕೊಳ್ತು. ಅದೂ ಅಲ್ದೆ ಹಳೇ ಕಂಪನಿಯ ಬೋನಸ್ ಬರೋಕೆ ಇನ್ನೆರಡು ತಿಂಗಳಿತ್ತು, ಈಗ ಬಿಟ್ರೆ ಆ 10 ಹೋಯ್ತು, ಹಾಗಾಗಿ ಇವರು ಕೊಡೋ ಜಾಯ್ನಿಂಗ್ ಬೋನಸ್ 10 ಆ ಹಳ್ಳ ಮುಚ್ಚೋಕೇ ಸರಿಹೋಗತ್ತೆ.

ಕಂಪನಿಯವರು ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಎಲ್ಲ ಲೆಟರಲ್ಲೇ ಇತ್ತು. ಆದ್ರೆ ಹೀಗೆ ಬಿಡಿಸಿ ನೋಡದೆ "ಇನ್ನೊಂದು 5 ಪರ್ಸೆಂಟ್ ಕೊಡಿ" ಅಂತ ಬರೆದಿದ್ರೆ ಆ ಕಡೆಯವರು ಆರಾಮಾಗಿ ಅದನ್ನ ಜಾಯ್ನಿಂಗ್ ಬೋನಸ್‌ಗೋ ವೇರಿಯಬಲ್‌ಗೋ ಸೇರಿಸಿ ಕಳಿಸ್ತಿದ್ರು. ನಾವೂ ಅದನ್ನೇ ಮಾಡ್ತಿದ್ವಿ. ಜಾಯ್ನಿಂಗ್ ಬೋನಸ್ ಒಂದು ಸಲದ ಖರ್ಚು, ಅಕ್ಕಪಕ್ಕದವರ ಸಂಬಳದ ಜೊತೆ ತಾಳೆ ನೋಡೋ ತಲೆನೋವಿಲ್ಲ, ಅಪ್ರೂವಲ್ ಬೇಗ ಸಿಗತ್ತೆ. ಫಿಕ್ಸೆಡ್ ಹಾಗಲ್ಲ. ಅದು ಪ್ರತಿ ವರ್ಷ ಹೋಗ್ತಾನೇ ಇರೋ ಖರ್ಚು, ಮುಂದಿನ ಇನ್‌ಕ್ರಿಮೆಂಟ್ ಎಲ್ಲ ಅದರ ಮೇಲೇ ಲೆಕ್ಕ, ಅದೇ ಕೆಲಸ ಮಾಡ್ತಿರೋ ಹಳಬರಿಗಿಂತ ಹೊಸಬರಿಗೆ ಜಾಸ್ತಿ ಹೋಗ್ಬಿಟ್ರೆ ಒಳಗೆ ಗಲಾಟೆ, ಅದಕ್ಕೇ ಅಲ್ಲಿ ಕೈ ಬಿಗಿ. ಅವರಿಗೆ ಯಾವುದರಲ್ಲಿ ಬಿಗಿಯೋ ನಿಮಗೆ ಬಾಳೋದೂ ಅದೇ. ಫಿಕ್ಸೆಡ್‌ನಲ್ಲಿ 7 ಜಾಸ್ತಿ ಸಿಕ್ಕಿ ವರ್ಷಕ್ಕೆ 5 ಪರ್ಸೆಂಟ್ ಏರಿದ್ರೆ ಐದು ವರ್ಷಕ್ಕೆ ಅದೊಂದೇ 38ರ ಮೇಲಾಗತ್ತೆ, ಜಾಯ್ನಿಂಗ್ ಬೋನಸ್‌ನಲ್ಲಿ ಸಿಕ್ಕಿದ 7 ಮಾತ್ರ 7 ಆಗೇ ಉಳಿಯತ್ತೆ.

ಇನ್ನು ಎಷ್ಟು ಕೇಳೋದು? ಪ್ರತಿ ಗ್ರೇಡಿಗೂ ಒಂದು ಬ್ಯಾಂಡ್ ಇರತ್ತೆ, ಕನಿಷ್ಠ, ಮಧ್ಯ, ಗರಿಷ್ಠ ಅಂತ. ಆಫರ್ ಮಾಡೋರು ಮಧ್ಯದ ಆಸುಪಾಸಿನ ತನಕ ತಾವೇ ಮುಂದುವರೀಬಹುದು, ಅದರ ಮೇಲೆ ಹೋಗ್ಬೇಕಂದ್ರೆ ಸಾಮಾನ್ಯವಾಗಿ ಮೇಲಿನವರ ಸಹಿ ಬೇಕಾಗತ್ತೆ. ಬ್ಯಾಂಡ್ ಎಷ್ಟು ಅಂತ ನೇರವಾಗಿ ಕೇಳಿ. ಕೆಲವು ಕಡೆ ಕೆಲಸದ ಜಾಹೀರಾತಲ್ಲೇ ಅದನ್ನ ಹಾಕಬೇಕು ಅಂತ ಕಾನೂನಿದೆ, ಅಮೆರಿಕದ ಕೊಲೊರಾಡೊದಲ್ಲಿ 2021ರಿಂದ ಹಾಗೇ ಇದೆ. ಕಾನೂನಿಲ್ಲದ ಕಡೆ ಹೇಳಲೂಬಹುದು ಹೇಳದೇನೂ ಇರಬಹುದು. ಇವರಿಗೆ ಹೇಳಿದ್ರು, ಫಿಕ್ಸೆಡ್ 88ರಿಂದ 116. ಅಂದ್ರೆ ಮಧ್ಯ 102, ಇವರಿಗೆ ಕೊಟ್ಟಿದ್ದು 92, ತೀರಾ ಕೆಳಗೆ. ಬ್ಯಾಂಡಿನ ತಳ ಅಂದ್ರೆ ಇನ್ನೂ ಕಲಿಯೋದು ಇರೋರಿಗೆ, ಇವರಿಗೋ ಆ ಕೆಲಸದ ವಿವರದಲ್ಲಿ ಕೇಳಿದ್ದೆಲ್ಲ ಮೊದಲೇ ಮಾಡಿ ಗೊತ್ತಿತ್ತು. ಹಾಗಾಗಿ 103 ಕೇಳೋಣ ಅಂತ ತೀರ್ಮಾನ ಆಯ್ತು. ವೇರಿಯಬಲ್ ಪರ್ಸೆಂಟ್ ಮುಟ್ಟೋದು ಬೇಡ ಅಂದೆ, ಅದು ಫಿಕ್ಸೆಡ್‌ನ 25 ಪರ್ಸೆಂಟ್ ಅಂತ ಗ್ರೇಡಿಗೇ ಕಟ್ಟಿರತ್ತೆ, ಒಬ್ಬರಿಗೋಸ್ಕರ ಬದಲಾಯಿಸಲ್ಲ, ಫಿಕ್ಸೆಡ್ ಏರಿದ್ರೆ ಅದೂ ತಾನಾಗೇ ಏರತ್ತೆ.

ಈಗ ಬರವಣಿಗೆಗೆ ಬರೋಣ. ಇಲ್ಲಿ ಒಂದು ವಿಷಯ ಜನಕ್ಕೆ ಗೊತ್ತೇ ಇರಲ್ಲ. ಇಂಗ್ಲಿಷ್ ಕಾನೂನಿನ ಪದ್ಧತಿ ಇರೋ ದೇಶಗಳಲ್ಲಿ, ಆಫರ್‌ಗೆ ನೀವು ಬೇರೆ ಮೊತ್ತ ಹೇಳಿ ಉತ್ತರ ಕೊಟ್ರೆ ಅದು ಕೌಂಟರ್ ಆಫರ್, ಆ ಕ್ಷಣಕ್ಕೆ ಅವರ ಮೊದಲಿನ ಆಫರ್ ಸತ್ತುಹೋಗತ್ತೆ. 1840ರ ಹೈಡ್ ವರ್ಸಸ್ ರೆಂಚ್ ಅನ್ನೋ ಕೇಸಲ್ಲಿ ಒಬ್ಬರು ಜಮೀನನ್ನ 1000 ಪೌಂಡಿಗೆ ಕೊಡ್ತೀನಿ ಅಂದ್ರು, ಕೊಳ್ಳೋರು 950 ಅಂದ್ರು, ಅದು ಆಗಲ್ಲ ಅಂದ್ಮೇಲೆ ಸರಿ 1000ಕ್ಕೇ ತಗೋತೀನಿ ಅಂತ ಬಂದ್ರು, ಕೋರ್ಟು ಒಪ್ಪಂದವೇ ಇಲ್ಲ ಅಂತು. ಆದ್ರೆ 1880ರ ಸ್ಟೀವನ್‌ಸನ್ ವರ್ಸಸ್ ಮೆಕ್ಲೀನ್ ಕೇಸಲ್ಲಿ, ಕೊಳ್ಳೋರು ನಿಮ್ಮ ಷರತ್ತು ಸ್ವಲ್ಪ ಸಡಿಲ ಮಾಡ್ತೀರಾ ಅಂತ ಬರೀ ವಿಚಾರಿಸಿದ್ರು, ಅದರಿಂದ ಮೊದಲಿನ ಆಫರ್ ಸಾಯಲ್ಲ ಅಂತ ತೀರ್ಪಾಯ್ತು. ಕೆಲಸದ ಆಫರಲ್ಲಿ ಕಂಪನಿಗಳು ಇಷ್ಟು ಸೂಕ್ಷ್ಮಕ್ಕೆ ಇಳಿಯೋದು ಕಡಿಮೆ, ಮರ್ಯಾದೆಯಿಂದ ಕೇಳಿದವರ ಆಫರ್ ವಾಪಸ್ ತಗೊಂಡಿದ್ದನ್ನ ನಾನು ನೋಡಿರೋದು ತೀರಾ ಅಪರೂಪ. ಆದ್ರೂ ನಿಮಗೆ ಬೇಕಾಗಿರೋ ಕೆಲಸ ಆದ್ರೆ ಪ್ರಶ್ನೆಯ ರೂಪದಲ್ಲೇ ಬರೆಯೋದು ಕ್ಷೇಮ. "103 ಕೊಟ್ರೆ ಮಾತ್ರ ಸೇರ್ತೀನಿ" ಅನ್ನೋದಕ್ಕೂ "103 ಮಾಡೋಕಾಗತ್ತಾ?" ಅನ್ನೋದಕ್ಕೂ ವ್ಯತ್ಯಾಸ ಬರೀ ಸೌಜನ್ಯದ್ದಲ್ಲ.

ಅವರು ಕಳಿಸಿದ ಮೇಲ್ ಇಷ್ಟೇ ಇತ್ತು:

"ಆಫರ್‌ಗೆ ಧನ್ಯವಾದ, ಈ ಕೆಲಸಕ್ಕೆ ಸೇರೋಕೆ ನನಗೆ ತುಂಬಾ ಇಷ್ಟ ಇದೆ. ಎರಡು ವಿಷಯ ಕೇಳೋದಿತ್ತು. ಫಿಕ್ಸೆಡ್ ಸಂಬಳ ನನ್ನ ಈಗಿನದಕ್ಕೆ ಹೆಚ್ಚುಕಮ್ಮಿ ಸಮ ಇದೆ. ಕೆಲಸದ ವಿವರದಲ್ಲಿ ಕೇಳಿರೋ ಮೂರೂ ಜವಾಬ್ದಾರಿಗಳನ್ನ ನಾನು ಈಗಾಗಲೇ ನಿಭಾಯಿಸ್ತಾ ಇದೀನಿ, ಹಾಗಾಗಿ ಫಿಕ್ಸೆಡ್ 103 ಮಾಡೋಕೆ ಸಾಧ್ಯ ಇದೆಯಾ? ಎರಡನೇದು, ಈಗ ಬಿಟ್ರೆ ಇಲ್ಲಿನ ವಾರ್ಷಿಕ ಬೋನಸ್ ಕಳ್ಕೊಳ್ತೀನಿ, ಜಾಯ್ನಿಂಗ್ ಬೋನಸ್ ಅದಕ್ಕಷ್ಟೇ ಸರಿಹೋಗತ್ತೆ, ಅದನ್ನ ವಾಪಸ್ ಕೊಡೋ ಷರತ್ತು ತಿಂಗಳ ಲೆಕ್ಕದಲ್ಲಿ ಕಡಿಮೆ ಆಗೋ ಹಾಗೆ ಮಾಡಬಹುದಾ? ಇವೆರಡು ಸರಿಹೋದ್ರೆ ಶುಕ್ರವಾರದೊಳಗೆ ಸಹಿ ಮಾಡಿ ಕಳಿಸ್ತೀನಿ."

ಆ ಕೊನೇ ಸಾಲು ತುಂಬಾ ಕೆಲಸ ಮಾಡತ್ತೆ. ರಿಕ್ರೂಟರ್ ಒಳಗೆ ಹೋಗಿ ಅಪ್ರೂವಲ್ ಕೇಳುವಾಗ ಮೇಲಿನವರು ಕೇಳೋ ಮೊದಲ ಮಾತು "ಇಷ್ಟು ಕೊಟ್ರೆ ಬರ್ತಾರಾ, ಇಲ್ಲ ಇನ್ನೂ ಕೇಳ್ತಾರಾ?" ಅಂತ. ಬರ್ತಾರೆ, ಇಲ್ಲಿ ಬರೆದಿದಾರೆ ನೋಡಿ ಅನ್ನೋ ಹಾಗಿದ್ರೆ ರಿಕ್ರೂಟರ್ ನಿಮ್ಮ ಪರ ಗಟ್ಟಿಯಾಗಿ ಮಾತಾಡ್ತಾರೆ. ಇವತ್ತು ಸಂಬಳ, ಅದಾದ ಮೇಲೆ ರಜೆ, ಅದೂ ಆದ ಮೇಲೆ ಮನೆಯಿಂದ ಕೆಲಸ ಅಂತ ಒಂದೊಂದೇ ಬಿಚ್ತಾ ಹೋದ್ರೆ ಮೂರನೇ ಸಲಕ್ಕೆ ಅವರು ಒಳಗೆ ಕೇಳೋದನ್ನೇ ಬಿಟ್ಬಿಡ್ತಾರೆ, ಹಾಗಾಗಿ ಬೇಕಾದ್ದೆಲ್ಲ ಒಂದೇ ಮೇಲಲ್ಲಿ. ಇನ್ನೊಂದು ಕಂಪನಿ ಆಫರ್ ಇದೆ ಅಂತ ಇಲ್ಲದ್ದನ್ನ ಬರೀಬೇಡಿ, ಲೆಟರ್ ಕಳಿಸಿ ಅಂತ ಕೇಳೋರು ಇದಾರೆ, ಅಲ್ಲಿಗೆ ನಿಮ್ಮ ಮೇಲಿನ ನಂಬಿಕೆ ಮುಗೀತು.

ವಾಪಸ್ ಕೊಡೋ ಷರತ್ತು ಅಂದ್ನಲ್ಲ, ಅದನ್ನ ಸ್ವಲ್ಪ ಹೇಳ್ತೀನಿ. ಅವರ ಲೆಟರಲ್ಲಿ ಒಂದು ವರ್ಷದೊಳಗೆ ಯಾವುದೇ ಕಾರಣಕ್ಕೆ ಕೆಲಸ ಬಿಟ್ರೆ ಜಾಯ್ನಿಂಗ್ ಬೋನಸ್ ಪೂರ್ತಿ ಹಿಂದಿರುಗಿಸಬೇಕು ಅಂತಿತ್ತು. "ಯಾವುದೇ ಕಾರಣ" ಅಂದ್ರೆ ಕಂಪನಿಯೇ ತೆಗೆದ್ರೂ ಸೇರತ್ತೆ ಅಂತ ವಾದ ಮಾಡಬಹುದು. ಹನ್ನೊಂದನೇ ತಿಂಗಳು ಮುಗಿಸಿ ಬಿಟ್ರೂ ಪೂರ್ತಿ 10 ಕಟ್ಟಬೇಕು. ತಿಂಗಳ ಲೆಕ್ಕಕ್ಕೆ ಬದಲಾದ್ರೆ ಆಗ ಕಟ್ಟೋದು ಹನ್ನೆರಡನೇ ಒಂದು ಭಾಗ ಮಾತ್ರ. ಇದಕ್ಕೆ ಕಂಪನಿಗೆ ಇವತ್ತು ಒಂದು ಕಾಸೂ ಖರ್ಚಿಲ್ಲ, ಆದ್ದರಿಂದ ಕೇಳಿದ್ರೆ ಬಹಳ ಸಲ ಸಿಗತ್ತೆ, ಕೇಳೋರೇ ಕಡಿಮೆ.

ನಾಲ್ಕು ದಿನಕ್ಕೆ ಫೋನ್ ಬಂತು. ಫಿಕ್ಸೆಡ್ 99 ಮಾಡ್ತೀವಿ, ಷರತ್ತು ಬದಲಾಯಿಸ್ತೀವಿ, ಉಳಿದ 4ನ್ನ ಆರು ತಿಂಗಳಾದ್ಮೇಲೆ ರಿವ್ಯೂ ಮಾಡಿ ಕೊಡೋಣ ಅಂತ. ಅವರು ನನಗೆ ಫೋನ್ ಮಾಡಿ "ಮೇಡಂ, ಒಪ್ಕೊಂಡುಬಿಡ್ಲಾ?" ಅಂದ್ರು. 99 ಒಳ್ಳೇ ಫಿಗರ್, ಒಪ್ಕೊಳ್ಳಿ, ಆದ್ರೆ ಆ ರಿವ್ಯೂ ಮಾತನ್ನ ಲೆಟರಲ್ಲಿ ತಾರೀಖು ಸಮೇತ ಹಾಕಿಸಿ, ಹಾಕಲ್ಲ ಅಂದ್ರೆ ಅದು ಇಲ್ಲ ಅಂತಲೇ ಲೆಕ್ಕ ಹಾಕಿ ಅಂದೆ. ನನ್ನ ಮೊದಲನೇ ಕೆಲಸದಲ್ಲಿ ಹೀಗೇ ಬಾಯಿಮಾತಿಗೆ ಒಪ್ಕೊಂಡಿದ್ದೆ, ಆರು ತಿಂಗಳಲ್ಲಿ ಆ ಮ್ಯಾನೇಜರ್ ಬೇರೆ ಕಡೆ ಹೋದ್ರು, ಹೊಸಬರು ಲೆಟರ್ ತೆಗೆಸಿ ನೋಡಿ ಇದರಲ್ಲಿ ಏನೂ ಇಲ್ವಲ್ಲ ಅಂದ್ರು. ಈ ಲೆಟರಲ್ಲಿ ಇರೋದೇ ಪೂರ್ತಿ ಒಪ್ಪಂದ ಅಂತ ಒಂದು ಸಾಲು ಬಹಳಷ್ಟು ಲೆಟರಲ್ಲಿ ಕೊನೆಗೆ ಇರತ್ತೆ, ಅದಿದ್ರೆ ಹೊರಗೆ ಆಡಿದ ಮಾತು ಹಿಡ್ಕೊಂಡು ಹೋಗೋದು ಕಷ್ಟ.

ಇವರ ವಿಷಯದಲ್ಲಿ ರಿವ್ಯೂ ಬರೆದುಕೊಡೋಕೆ ಆಗಲ್ಲ ಅಂದ್ರು, ಅದನ್ನ ಬಿಟ್ಟು ಲೆಕ್ಕ ಹಾಕಿದ್ವಿ. ಫಿಕ್ಸೆಡ್ 99, ವೇರಿಯಬಲ್ 24.75 ಆಗಿ ಅದರ 60 ಪರ್ಸೆಂಟ್ ಅಂದ್ರೆ ಸುಮಾರು 15, ಒಟ್ಟು 114. ಇದ್ದಲ್ಲೇ ಇದ್ರೆ 104.5. ಈಗ ಕೆಲಸ ಬದಲಾಯಿಸೋಕೆ ಒಂದು ಅರ್ಥ ಬಂತು.

ಖುಷೀಲಿ ಅವತ್ತೇ ಹಳೇ ಕಡೆ ರಾಜೀನಾಮೆ ಕೊಡೋಕೆ ಹೊರಟಿದ್ರು, ತಡೀರಿ, ಹೊಸ ಲೆಟರ್ ಕೈಗೆ ಬರ್ಲಿ ಅಂದೆ. ಮಾರನೇ ದಿನ ಬಂತು. ಟೇಬಲಲ್ಲಿ 99 ಸರಿಯಾಗಿತ್ತು, ಆದ್ರೆ ಜಾಯ್ನಿಂಗ್ ಬೋನಸ್ ಷರತ್ತು ಮಾತ್ರ ಹಳೇದೇ, "ಪೂರ್ತಿ ಹಿಂದಿರುಗಿಸಬೇಕು" ಅಂತಲೇ ಇತ್ತು. ಬೇಕಂತ ಮಾಡಿದ್ದೇನಲ್ಲ, ಹಳೇ ಲೆಟರ್‌ನ ಕಾಪಿ ಮಾಡಿ ಅಂಕಿ ಮಾತ್ರ ಬದಲಾಯಿಸಿರ್ತಾರೆ, ನಮ್ಮ ಟೀಮಲ್ಲೂ ಎಷ್ಟೋ ಸಲ ಹೀಗಾಗಿದೆ. ಫೋನಲ್ಲಿ ಹೇಳಿದ ಷರತ್ತು ಇದರಲ್ಲಿ ಬಂದಿಲ್ಲ, ಸರಿಮಾಡಿ ಕಳಿಸ್ತೀರಾ ಅಂತ ಎರಡು ಸಾಲು ಬರೆದ್ರು, ಸಂಜೆಯೊಳಗೆ ಸರಿಹೋದ ಲೆಟರ್ ಬಂತು. ಅದನ್ನ ಮೊದಲಿನಿಂದ ಕೊನೇ ತನಕ ಓದಿ ಸಹಿ ಹಾಕಿ ಕಳಿಸಿ, ಆಮೇಲೆ ರಾಜೀನಾಮೆ ಮೇಲ್ ಬರೆಯೋಕೆ ಕೂತ್ರು.