ಕೆಫೆಯಲ್ಲಿ ಕೇಳಿದ ಜಾಝ್ ಹಾಡು ಯಾವುದು? ಆರನೆಯ ಬಾರಿನಲ್ಲಿ ಸಿಗುವ ಸುಳಿವು

ಕೆಫೆಯಲ್ಲಿ ನುಡಿಸುವ ಜಾಝ್ ತಂಡ ಹಾಡಿನ ಮೂಲ ಮಟ್ಟನ್ನು ಸಾಮಾನ್ಯವಾಗಿ ಎರಡೇ ಸಲ ಕೇಳಿಸುತ್ತದೆ, ಆರಂಭದಲ್ಲೊಮ್ಮೆ, ಮುಗಿಸುವಾಗ ಇನ್ನೊಮ್ಮೆ. ನಡುವಿನ ಹೊತ್ತೆಲ್ಲ ಒಬ್ಬೊಬ್ಬ ವಾದಕನ ಮನೋಧರ್ಮಕ್ಕೆ ಮೀಸಲು. ಆಗ ಒಳಗೆ ಬಂದು ಕುಳಿತವರಿಗೆ ಮಟ್ಟು ಸಿಗುವುದಿಲ್ಲ. ಹಾಡು ಗುರುತಿಸುವ ಮೊಬೈಲ್ ಆ್ಯಪ್ ಕೂಡ ಇಲ್ಲಿ ಕೈಕೊಡುತ್ತದೆ. ಅದು ಹೋಲಿಸಿ ನೋಡುವುದು ಈಗಾಗಲೇ ಧ್ವನಿಮುದ್ರಣಗೊಂಡ ಪ್ರತಿಗಳನ್ನು; ಕಣ್ಣೆದುರೇ ಹುಟ್ಟುತ್ತಿರುವ ವಾದನಕ್ಕೆ ಅಂಥ ಪ್ರತಿ ಇರುವುದಿಲ್ಲ. ಮಟ್ಟು ಬಿಟ್ಟುಹೋದರೂ ಉಳಿಯುವುದು ಕಾರ್ಡ್‌ಗಳ ಸಾಲು, ಅಂದರೆ ಮೂರು ನಾಲ್ಕು ಸ್ವರ ಕೂಡಿಸಿ ಒಟ್ಟಿಗೆ ನುಡಿಸುವ ಗುಚ್ಛಗಳ ಕ್ರಮ. ತಾಳದ ಆವರ್ತದಂತೆ ಈ ಸಾಲು ಮತ್ತೆ ಮತ್ತೆ ಸುತ್ತುತ್ತದೆ, ಸೋಲೋ ಎಷ್ಟು ದೂರ ಹೋದರೂ ಅದರ ಮೇಲೆಯೇ ನಡೆಯುತ್ತದೆ.

ನಾನು ಪಿಯಾನೊ ಕಲಿಸುವವನು. ನನ್ನ ವಿದ್ಯಾರ್ಥಿಗಳು ಈ ಬಗೆಯ ತುಣುಕುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಕಳಿಸುತ್ತಾರೆ. ಈಚೆಗೆ ಬಂದ ಒಂದು ತುಣುಕು ಗಿಟಾರ್ ಸೋಲೋದ ನಡುವಿನಿಂದ ಶುರುವಾಗುತ್ತದೆ. ಕಪ್ಪುಗಳ ಸದ್ದು, ಮಾತು, ಅದರಡಿಯಲ್ಲಿ ಬೇಸ್ ಸ್ಪಷ್ಟವಾಗಿದೆ. ಕಳಿಸಿದವರು ‘ಆಟಮ್ ಲೀವ್ಸ್’ ಇರಬೇಕು ಎಂದಿದ್ದರು. ಹಾಗೆ ಅನ್ನಿಸಲು ಬಲವಾದ ಕಾರಣವೇ ಇತ್ತು.

ಬೇಸ್ ನುಡಿಸುವವರು ಪ್ರತಿ ಬಾರಿನ, ಅಂದರೆ ನಾಲ್ಕು ಎಣಿಕೆಯ, ಮೊದಲ ಪೆಟ್ಟಿಗೆ ಹೆಚ್ಚಾಗಿ ಆ ಕಾರ್ಡಿನ ಆಧಾರ ಸ್ವರವನ್ನು ಇಡುತ್ತಾರೆ. ಶಂಕರಾಭರಣದ ಸ್ವರಗಳಲ್ಲಿ ಬರೆದುಕೊಂಡರೆ ತುಣುಕಿನ ಬೇಸ್ ಹೀಗಿತ್ತು: ದ, ರಿ, ಪ, ಸ, ಮ, ನಿ, ಗ. ಬಾರಿಗೊಂದು ಸ್ವರ, ಪ್ರತಿಯೊಂದೂ ಹಿಂದಿನದನ್ನು ಸೇರಿಸಿ ಎಣಿಸಿದರೆ ನಾಲ್ಕನೆಯ ಸ್ವರ. ಇದೇ ಹಾದಿಯಲ್ಲಿ ಮೂರು ಪ್ರಸಿದ್ಧ ಹಾಡುಗಳು ನಡೆಯುತ್ತವೆ: ಜೋಸೆಫ್ ಕೋಸ್ಮಾ 1945ರಲ್ಲಿ ರಚಿಸಿದ ಮಟ್ಟಿನ ‘ಆಟಮ್ ಲೀವ್ಸ್’, ಬಾರ್ಟ್ ಹೋವರ್ಡ್ ಅವರ 1954ರ ‘ಫ್ಲೈ ಮೀ ಟು ದ ಮೂನ್’, ಜೆರೋಮ್ ಕರ್ನ್ ಅವರ 1939ರ ‘ಆಲ್ ದ ಥಿಂಗ್ಸ್ ಯು ಆರ್’. ಬೇಸ್ ಒಂದನ್ನೇ ನಂಬಿ ಹೆಸರು ಹೇಳುವವರು ಎಡವುವುದು ಇಲ್ಲಿಯೇ.

ಮೊದಲು ಬೇಕಾದದ್ದು ಸುತ್ತಿನ ಆರಂಭ. ಎಂಟು ಬಾರ್ ಮುಗಿಯುವಾಗ ಡ್ರಮ್ಮರ್ ಸಾಮಾನ್ಯವಾಗಿ ಒಂದು ಸಣ್ಣ ತುಂಬು ನುಡಿಸಿ, ಹೊಸ ಭಾಗದ ಮೊದಲ ಪೆಟ್ಟಿಗೆ ಸಿಂಬಲ್ ತಟ್ಟುತ್ತಾರೆ. ಅಲ್ಲಿಂದ ಎಣಿಸಬೇಕು. ‘ಆಟಮ್ ಲೀವ್ಸ್’ ರಿಷಭದ ಮೇಲಿನ ಕಾರ್ಡಿನಿಂದ ಹೊರಟು ಏಳು, ಎಂಟನೆಯ ಬಾರ್‌ಗಳಲ್ಲಿ ಧೈವತದ ಮೇಲೆ ನೆಲೆಸುತ್ತದೆ. ಅದರ ಮನೆ ಆ ಮೈನರ್ ಕಾರ್ಡೇ. ನಮ್ಮ ತುಣುಕಿನಲ್ಲಿ ಸಿಂಬಲ್ ಬಿದ್ದದ್ದು ಧೈವತದ ಮೇಲೆ, ಅದು ಒಂದೇ ಬಾರಿನಲ್ಲಿ ಮುಗಿದು ರಿಷಭಕ್ಕೆ ಸರಿಯಿತು. ಆದ್ದರಿಂದ ‘ಆಟಮ್ ಲೀವ್ಸ್’ ಅಲ್ಲ.

ಉಳಿದ ಎರಡೂ ಧೈವತದಿಂದಲೇ ಹೊರಡುತ್ತವೆ, ಐದು ಬಾರ್‌ಗಳವರೆಗೆ ಅವುಗಳ ಕಾರ್ಡ್‌ಗಳು ಒಂದೇ. ಆರನೆಯ ಬಾರಿನಲ್ಲೂ ಬೇಸ್ ಎರಡರಲ್ಲಿಯೂ ನಿಷಾದಕ್ಕೇ ಬರಬಹುದು. ಬೇರೆಯಾಗುವುದು ಅದರ ಮೇಲಿನ ಸ್ವರ. ‘ಫ್ಲೈ ಮೀ’ಯಲ್ಲಿ ಆ ಕಾರ್ಡಿನೊಳಗೆ ಚತುಶ್ರುತಿ ರಿಷಭವಿರುತ್ತದೆ, ಶಂಕರಾಭರಣದ ಒಳಗಿನದೇ. ‘ಆಲ್ ದ ಥಿಂಗ್ಸ್’ನಲ್ಲಿ ಅದಕ್ಕಿಂತ ಅರ್ಧ ಸ್ವರ ಮೇಲಿನ ಷಟ್‌ಶ್ರುತಿ ರಿಷಭ ಬರುತ್ತದೆ. ಹೊರಗಿನ ಸ್ವರವೊಂದು ಹಠಾತ್ತನೆ ಒಳಬಂದಂತೆ ಕಿವಿಗೆ ತಾಗುತ್ತದೆ. ಗಿಟಾರ್ ವಾದಕರು ಅಲ್ಲಿ ಅದನ್ನೇ ಒತ್ತಿ ನುಡಿಸಿದ್ದರು.

ಏಳನೆಯ ಬಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ಹಾಡುಗಳಲ್ಲಿಯೂ ಬೇಸ್ ಗಾಂಧಾರದಲ್ಲಿ, ಮೇಲೆ ಶುದ್ಧ ಧೈವತದ ಸ್ಥಾನದ ಸ್ವರ. ‘ಫ್ಲೈ ಮೀ’ಯಲ್ಲಿ ಆ ಸ್ವರಕ್ಕೆ ನಿಲುಗಡೆಯಿಲ್ಲ, ಅರ್ಧ ಸ್ವರ ಮೇಲೇರಿ, ಎಂಟನೆಯ ಬಾರಿನ ಧೈವತದ ಕಾರ್ಡಿನಲ್ಲಿಯೇ ಅದಕ್ಕೆ ಸಮಾಧಾನ. ‘ಆಲ್ ದ ಥಿಂಗ್ಸ್’ನಲ್ಲಿ ಅದೇ ಸ್ವರ ಎರಡು ಬಾರ್ ನೆಮ್ಮದಿಯಾಗಿ ನಿಲ್ಲುತ್ತದೆ, ಏಕೆಂದರೆ ಗಾಂಧಾರವೇ ಈಗ ಹೊಸ ಷಡ್ಜ. ಗ್ರಹಭೇದ ಕೇಳಿ ಬಲ್ಲವರಿಗೆ ಈ ಅನುಭವ ಪರಿಚಿತ. ತುಣುಕಿನಲ್ಲಿ ಗಿಟಾರ್ ಅಲ್ಲಿಗೆ ಬಂದು ಉಸಿರು ಬಿಟ್ಟಿತು. ಆಮೇಲೆ ಬೇಸ್ ಅದೇ ಗಾಂಧಾರದಲ್ಲಿದ್ದಾಗಲೇ ಕಾರ್ಡ್ ಮೇಜರ್‌ನಿಂದ ಮೈನರ್‌ಗೆ ತಿರುಗಿತು, ಇಡೀ ಹಾದಿ ಆ ಹೊಸ ಸ್ಥಾನದಿಂದ ಮತ್ತೆ ಶುರುವಾಯಿತು. ಕರ್ನ್ ಅವರ ಈ ತಿರುವು ನನಗೆ ಎಷ್ಟು ಕೇಳಿದರೂ ಹಳತಾಗಿಲ್ಲ.

ಖಚಿತಪಡಿಸಿಕೊಳ್ಳಲು ಇನ್ನೂ ಒಂದು ದಾರಿಯಿದೆ. ‘ಆಟಮ್ ಲೀವ್ಸ್’, ‘ಫ್ಲೈ ಮೀ’ ಎರಡರ ಸುತ್ತೂ 32 ಬಾರ್‌ಗಳದು. ‘ಆಲ್ ದ ಥಿಂಗ್ಸ್’ನ ಕೊನೆಯ ಭಾಗ ಎಂಟರ ಬದಲು ಹನ್ನೆರಡು ಬಾರ್ ಉದ್ದವಿರುವುದರಿಂದ ಒಟ್ಟು 36. ನಿಮ್ಮ ಎಣಿಕೆ 32ಕ್ಕೆ ಮುಗಿದರೂ ತಂಡ ಇನ್ನೂ ನಾಲ್ಕು ಬಾರ್ ಮುಂದೆ ಹೋಗಿ ಮತ್ತೆ ಮೇಲಿನಿಂದ ಶುರುಮಾಡಿದರೆ ಅನುಮಾನವೇ ಬೇಡ.

ಸೋಲೋ ನುಡಿಸುವವರು ಆಗಾಗ ಮೂಲ ಮಟ್ಟಿನ ನೆರಳನ್ನೂ ಬೀಳಿಸುತ್ತಾರೆ. ಆದ್ದರಿಂದ ಮೂರರ ನಡಿಗೆಯೂ ಕಿವಿಯಲ್ಲಿರಬೇಕು. ‘ಆಟಮ್ ಲೀವ್ಸ್’ ಮೂರು ಮೆಟ್ಟಿಲೇರಿ ಒಂದು ನೆಗೆತ ನೆಗೆದು ನಿಲ್ಲುತ್ತದೆ: ದ ನಿ ಸ – ಮ, ಅದೇ ಆಕಾರ ಒಂದು ಸ್ವರ ಕೆಳಗೆ, ಪ ದ ನಿ – ಗ, ಇನ್ನೂ ಕೆಳಗೆ, ಮ ಪ ದ – ರಿ. ‘ಫ್ಲೈ ಮೀ’ ಇಳಿಯುತ್ತಲೇ ಶುರುವಾಗುತ್ತದೆ: ಸ ನಿ ದ ಪ ಮ, ಮತ್ತೆ ಮೇಲೆ ಹತ್ತಿ ನಿ ದ ಪ ಮ ಗ. ‘ಆಲ್ ದ ಥಿಂಗ್ಸ್’ಗೆ ಅವಸರವಿಲ್ಲ: ಇಡೀ ಒಂದು ಬಾರ್ ಷಡ್ಜ, ಮಧ್ಯಮಕ್ಕೆ ನೆಗೆತ, ಆಮೇಲೆ ಒಂದೇ ನಿಷಾದದ ಮೇಲೆ ನಾಲ್ಕು ಸಮಾನ ಪೆಟ್ಟುಗಳು. ತುಣುಕಿನ ಗಿಟಾರ್ ಎರಡನೆಯ ಸುತ್ತಿನ ಮೂರನೆಯ ಬಾರಿನಲ್ಲಿ ಆ ನಾಲ್ಕು ಪೆಟ್ಟುಗಳನ್ನು ಹಾಗೆಯೇ ಇಟ್ಟಿತ್ತು.

ಈ ವಿಧಾನ ಎಲ್ಲ ಸಲವೂ ಇಷ್ಟು ಸಲೀಸಲ್ಲ. ಅನುಭವಿ ಬೇಸ್ ವಾದಕರು ಪಂಚಮದ ಕಾರ್ಡಿಗೆ ಬದಲಾಗಿ ಶುದ್ಧ ರಿಷಭದ ಮೇಲಿನ ಕಾರ್ಡ್ ನುಡಿಸಬಹುದು. ಆಗ ರಿ–ಪ–ಸ ಎಂಬ ನೆಗೆತದ ಬದಲು ಅರ್ಧರ್ಧ ಸ್ವರವಾಗಿ ಷಡ್ಜಕ್ಕೆ ಜಾರುವುದು ಕೇಳಿಸುತ್ತದೆ. ಆದರೆ ಈ ಎರಡು ಕಾರ್ಡ್‌ಗಳಿಗೂ ಮುಖ್ಯವಾದ ಎರಡು ಒಳಸ್ವರಗಳು, ನಿಷಾದ ಮತ್ತು ಮಧ್ಯಮ, ಸಮಾನವಾದವು. ಬೇಸ್ ಗೊಂದಲ ಹುಟ್ಟಿಸಿದಾಗ ಪಿಯಾನೊದ ಎಡಗೈಯನ್ನೋ ಗಿಟಾರಿನ ನಡುತಂತಿಗಳನ್ನೋ ಹಿಡಿದು ಆ ಜೋಡಿಯನ್ನು ಹುಡುಕಬೇಕು.

ಕಾರ್ಡ್‌ಗಳಿಂದ ಹೆಸರು ತಿಳಿಯುವುದಕ್ಕೆ ಒಂದು ಗಟ್ಟಿ ಮಿತಿಯೂ ಇದೆ. ಹಳೆಯ ಹಾಡಿನ ಕಾರ್ಡ್‌ಗಳ ಮೇಲೆ ಹೊಸ ಮಟ್ಟು ಕಟ್ಟುವುದು ಜಾಝ್‌ನಲ್ಲಿ ವಾಡಿಕೆ. ಚಾರ್ಲಿ ಪಾರ್ಕರ್ ಅವರ 1947ರ ‘ಬರ್ಡ್ ಆಫ್ ಪ್ಯಾರಡೈಸ್’ ನಿಂತಿರುವುದು ‘ಆಲ್ ದ ಥಿಂಗ್ಸ್’ನ ಕಾರ್ಡ್‌ಗಳ ಮೇಲೆಯೇ. ಜಾರ್ಜ್ ಗರ್ಶ್ವಿನ್ ಅವರ 1930ರ ‘ಐ ಗಾಟ್ ರಿದಮ್’ ಕಾರ್ಡ್‌ಗಳ ಮೇಲೆ ಕಟ್ಟಿದ ಮಟ್ಟುಗಳಿಗಂತೂ ಲೆಕ್ಕವಿಲ್ಲ, ಹನ್ನೆರಡು ಬಾರ್‌ಗಳ ಬ್ಲೂಸ್‌ಗೂ ಹಾಗೆಯೇ. ಅಂಥ ಸಾಲು ಎಂದು ಗೊತ್ತಾದ ಕೂಡಲೇ ನಾನು ಊಹೆ ನಿಲ್ಲಿಸುತ್ತೇನೆ. ಬೇಸ್ ಸೋಲೋ ಅಥವಾ ಡ್ರಮ್ಮರ್ ಜೊತೆಗಿನ ನಾಲ್ಕು ನಾಲ್ಕು ಬಾರ್‌ಗಳ ವಿನಿಮಯ ಶುರುವಾಯಿತೆಂದರೆ ಮಟ್ಟು ಮರಳುವ ಹೊತ್ತು ಹತ್ತಿರವಾಗಿದೆ ಎಂದರ್ಥ. ಬಿಲ್ಲಿಗೆ ಹೇಳುವುದನ್ನು ಅಲ್ಲಿಯವರೆಗೆ ಮುಂದೂಡಬಹುದು.