ಕಂಬವೂ ಹಿನ್ನೆಲೆಯೇ?

ಏಪ್ರಿಲ್‌ನ ಒಂದು ಮಧ್ಯಾಹ್ನ ಅಕ್ಕನ ಮಗಳ ಜೊತೆ ಆನೆಗೊಂದಿಗೆ ಹೋಗಿದ್ದೆ. ಹೊಳೆದಂಡೆಯ ಕಲ್ಲುಮಂಟಪದಲ್ಲಿ, ಕಂಬದ ಪಕ್ಕ ಅವಳನ್ನು ನಿಲ್ಲಿಸಿ ಫೋಟೋ ತೆಗೆದೆ. ಅವಳು ನೆರಳಲ್ಲಿದ್ದಳು, ಹಿಂದಿನ ಬಂಡೆಗುಡ್ಡ ಉರಿಬಿಸಿಲಲ್ಲಿತ್ತು. ಮುಖ ಚೆನ್ನಾಗಿ ಬಂತು. ಗುಡ್ಡ ಮಾತ್ರ ಬೆಳ್ಳಗೆ ಹೊಳೀತಿತ್ತು.

ಅಲ್ಲಿ ನಿಂತಾಗ ಹಾಗೆ ಕಂಡಿರಲಿಲ್ಲ. ನಮ್ಮ ಕಣ್ಣು ಮುಖದಿಂದ ಬಂಡೆಗೆ ಹೊರಳಿದಾಗ ಅಲ್ಲಿನ ಬೆಳಕಿಗೂ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಮಾತ್ರ ಎರಡಕ್ಕೂ ಒಂದೇ ಎಕ್ಸ್‌ಪೋಶರ್ ಕೊಡುತ್ತದೆ. ಆಮೇಲೆ ಇಡೀ ಚಿತ್ರದ ಬೆಳಕು ಇಳಿಸಿದರೆ ಮುಖವೂ ಕಪ್ಪಾಗುತ್ತದೆ.

ಫೋಟೋ ತಿದ್ದುವ ಲೈಟ್‌ರೂಮ್ ಆ್ಯಪ್‌ನಲ್ಲಿ Masking ತೆರೆದು Background ಒತ್ತಿದೆ. ಹುಡುಗಿಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕೆಂಪು ಹರಡಿತು. ಆ ಕೆಂಪೇ ಮಾಸ್ಕ್, ಅದು ಇರುವ ಕಡೆ ಮಾತ್ರ ನಮ್ಮ ಬದಲಾವಣೆ ತಾಗುತ್ತದೆ. Exposure ಅನ್ನು −1.00ಕ್ಕೆ ಎಳೆದರೆ ಅಲ್ಲಿನ ಬೆಳಕು ಅರ್ಧಕ್ಕೆ ಇಳಿದಂತೆ. ನಾನು −1.30 ಇಟ್ಟೆ. ಬಂಡೆಯ ಸೀಳು, ಮೇಲಿನ ಕಪ್ಪು ಗೆರೆ ಎಲ್ಲ ಎದ್ದು ಬಂದವು.

ಆದರೆ ಕಂಬ ಇದ್ದಿಲಿನಂತಾಯಿತು. ಕಾಲಡಿಯ ಹಾಸುಗಲ್ಲೂ ಕಪ್ಪಾಗಿ, ಹುಡುಗಿ ಕತ್ತರಿಸಿ ಅಂಟಿಸಿದ ಹಾಗೆ ಕಂಡಳು. ಈ ಮಾಸ್ಕ್ ಮಾಡುವ ಎಐ ಹುಡುಕುವುದು ಚಿತ್ರದ ಮುಖ್ಯ ವಸ್ತುವನ್ನು. ಅದಲ್ಲದ್ದೆಲ್ಲ ಅದಕ್ಕೆ ಹಿನ್ನೆಲೆಯೇ. ಕಂಬ ಅವಳ ಪಕ್ಕದಲ್ಲೇ, ಅದೇ ನೆರಳಲ್ಲೇ ಇದೆ ಅನ್ನೋ ಲೆಕ್ಕ ಅದಕ್ಕಿಲ್ಲ. ಅದನ್ನು ನಾವೇ ತಿದ್ದಬೇಕು. ಅದೇ ಮಾಸ್ಕ್‌ನಲ್ಲಿ Subtract, ಆಮೇಲೆ Brush ಆರಿಸಿ ಕಂಬದ ಮೇಲೂ ನೆಲದ ಮೇಲೂ ಉಜ್ಜಿದೆ. ಕೆಂಪು ಅಳಿಸಿಹೋಯಿತು, ಕಲ್ಲಿಗೆ ಮೊದಲಿನ ಬಣ್ಣ ಮರಳಿತು.

ಇನ್ನು ಕೂದಲು. ಹೊಳೆಯ ಗಾಳಿಗೆ ಹಾರಿದ ಎಳೆಗಳ ನಡುವೆ ಗುಡ್ಡದ ಬಿಳುಪು ಇಣುಕುತ್ತದೆ. ಮಾಸ್ಕ್ ಅಷ್ಟು ಸಣ್ಣ ಸಂದಿಗೆ ಪೂರ್ತಿ ಇಳಿಯುವುದಿಲ್ಲ. ಸುತ್ತಲೂ ಕಪ್ಪಾಗಿ ಆ ಸಂದಿಗಳು ಬೆಳ್ಳಗೇ ಉಳಿದರೆ ತಲೆಯ ಸುತ್ತ ದೇವರ ಫೋಟೋದ ಪ್ರಭೆ ಮೂಡುತ್ತದೆ! ಇದನ್ನು ಮೊದಲೇ ಹಿಡಿಯಬೇಕಾದರೆ ಸುಮ್ನೆ ಒಂದು ಕ್ಷಣ Exposure ಅನ್ನು −4.00ಕ್ಕೆ ಎಳೆದು ನೋಡಿ. ಮಾಸ್ಕ್ ಎಲ್ಲಿ ತಪ್ಪಿದೆಯೋ ಅಲ್ಲೆಲ್ಲ ಬಿಳಿ ಅಂಚು ಹೊಳೆಯುತ್ತದೆ. ಅಂಥ ಕಡೆ Add ಒತ್ತಿ, ಮೆತ್ತನೆ ಅಂಚಿನ ಬ್ರಶ್ಶಿನಿಂದ ಹಗುರವಾಗಿ ಸವರಬಹುದು. ನನಗೆ ಅದಕ್ಕಿಂತ ಸುಲಭ ಅನ್ನಿಸಿದ್ದು ಬೇರೆ. Exposure ಅನ್ನು −0.60ಕ್ಕೆ ತಂದು, Highlights −50 ಮಾಡಿದೆ. Highlights ಮುಖ್ಯವಾಗಿ ಬೆಳಗಿದ ಬಂಡೆಯನ್ನೇ ತಗ್ಗಿಸುತ್ತದೆ, ಹಾಗಾಗಿ ಅಂಚಿನ ತಪ್ಪು ಅಷ್ಟಾಗಿ ಕಾಣಲಿಲ್ಲ.

ಉಳಿದದ್ದು ದಂಡೆಯಲ್ಲಿ ಯಾರೋ ಒಣಹಾಕಿದ್ದ ಬಿಳಿ ಪಂಚೆ. ಸೆನ್ಸರ್ ಹಿಡಿದ ಬೆಳಕಿನ ವಿವರವನ್ನೆಲ್ಲ ಉಳಿಸಿಕೊಳ್ಳುವ ರಾ ಫೈಲಿನಲ್ಲೇ ನಾನು ತೆಗೆದಿದ್ದೆ, ಆದರೂ ಬಿಸಿಲಿಗೆ ಅಲ್ಲಿ ಸೆನ್ಸರ್ ತುಂಬಿ ಹೋಗಿತ್ತು. ಮಡಿಕೆ, ಅಂಚು ಯಾವುದೂ ದಾಖಲಾಗಿರಲಿಲ್ಲ. ಬೆಳಕು ಇಳಿಸಿದಷ್ಟೂ ಅದು ಬರೀ ಬೂದಿ ಬಣ್ಣದ ತೇಪೆಯಾಯಿತು. ಕೊನೆಗೆ ಚಿತ್ರದ ಎಡ ಅಂಚನ್ನೇ ಕ್ರಾಪ್ ಮಾಡಿದೆ.